ನಾಲ್ಕು ಬಾಟಲಿ, ನಾಲ್ಕು ಬಿಒಡಿ: ರಿಪೋರ್ಟಿನಲ್ಲಿ ಯಾವುದನ್ನು ಬರೆಯಲಿ?

ಎಂಎಸ್ಸಿ_ಹುಡುಗಿ · ಸೋಮವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಎನ್ವಿರಾನ್ಮೆಂಟಲ್ ಸೈನ್ಸ್ ಎರಡನೇ ಸೆಮ್, ಬೆಂಗಳೂರು. ವಾಟರ್ ಕ್ವಾಲಿಟಿ ಪ್ರಾಕ್ಟಿಕಲ್ ರಿಪೋರ್ಟ್ ಗುರುವಾರ ಕೊಡಬೇಕು. ಬಿಒಡಿ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ನಮ್ಮ ಕಾಲೇಜಿನ ಹಿಂದೆ ಹರಿಯುವ ರಾಜಕಾಲುವೆಯ ನೀರು ತಂದಿದ್ದೆವು. 300 ಎಂಎಲ್ ಬಿಒಡಿ ಬಾಟಲಿಗಳು, ಪ್ರತಿ ಅಳತೆಗೂ ಎರಡೆರಡು. ಒಂದನ್ನು ಅವತ್ತೇ ಟೈಟ್ರೇಟ್ ಮಾಡಿದೆ. ಇನ್ನೊಂದನ್ನು 27 ಡಿಗ್ರಿ ಇನ್‌ಕ್ಯುಬೇಟರಿನಲ್ಲಿ 3 ದಿನ ಇಟ್ಟು ಆಮೇಲೆ ಮಾಡಿದೆ. ವಿಂಕ್ಲರ್ ವಿಧಾನ, 0.025 ನಾರ್ಮಲ್ ಥಯೋಸಲ್ಫೇಟ್, ಟೈಟ್ರೇಶನ್ನಿಗೆ 200 ಎಂಎಲ್ ತೆಗೆದುಕೊಂಡಿದ್ದೆ. ಸೀಡ್ ಹಾಕಿಲ್ಲ.

```
ಸ್ಯಾಂಪಲ್   D1    D2    D1-D2   P      BOD
3 ಎಂಎಲ್    7.0   5.3   1.7     0.01   170
6 ಎಂಎಲ್    7.0   3.9   3.1     0.02   155
9 ಎಂಎಲ್    6.9   2.4   4.5     0.03   150
15 ಎಂಎಲ್   6.7   0.2   6.5     0.05   130
ಬ್ಲಾಂಕ್     7.1   7.0   0.1
```

ಸೂತ್ರ ಹಾಕಿದ್ದು ಇದು:

```
BOD = (D1 - D2) / P
P = ಸ್ಯಾಂಪಲ್ ಎಂಎಲ್ / 300
```

ಒಂದೇ ನೀರು. ಒಂದೇ ದಿನ, ಒಂದೇ ಕೈ. ಆದರೂ ಸ್ಯಾಂಪಲ್ ಜಾಸ್ತಿ ಹಾಕಿದಷ್ಟೂ ಬಿಒಡಿ ಕಮ್ಮಿ ಆಗುತ್ತಾ ಹೋಗಿದೆ. ಲೆಕ್ಕ ಮೂರು ಸಲ ನೋಡಿದೆ, ಸರಿಯಾಗಿಯೇ ಇದೆ. ಹಾಗಾದರೆ ಯಾವುದನ್ನು ಬರೆಯಲಿ?

ಲೆಕ್ಕದ_ಪುಟ · ಸೋಮವಾರ ರಾತ್ರಿ 9:32

ನಾಲ್ಕನ್ನೂ ಕೂಡಿ ನಾಲ್ಕರಿಂದ ಭಾಗಿಸಿ. 605 ಭಾಗಿಸು 4, ಅಂದರೆ 151. ನಾವು ಪ್ರಾಕ್ಟಿಕಲ್‌ನಲ್ಲಿ ಯಾವಾಗಲೂ ಹೀಗೇ ಮಾಡಿದ್ದು. ರೀಡಿಂಗ್ ಜಾಸ್ತಿ ಇದ್ದಷ್ಟೂ ಸರಾಸರಿ ಗಟ್ಟಿ ಅಲ್ವಾ?

ಕಡಲ_ಕೆಮಿಸ್ಟ್ · ಸೋಮವಾರ ರಾತ್ರಿ 10:05

ಸರಾಸರಿ ಆಮೇಲೆ ನೋಡೋಣ. ನನಗೆ ಮೊದಲು ಕಂಡಿದ್ದು D1. ಬ್ಲಾಂಕ್ ಬರೀ 7.1 ಇದೆ. ನಾನು ಮಂಗಳೂರಿನಲ್ಲಿ ಲ್ಯಾಬ್ ಕೆಲಸ ಮಾಡುವುದು. 27 ಡಿಗ್ರಿಯಲ್ಲಿ ನಮ್ಮ ಡೈಲ್ಯೂಷನ್ ನೀರು 7.8, 7.9 ಬರುತ್ತದೆ. ನೀವು ಗಾಳಿ ಸರಿಯಾಗಿ ಹಾಯಿಸಿಲ್ಲ ಅನಿಸುತ್ತದೆ. ಶುರುವಿನಲ್ಲೇ ಆಮ್ಲಜನಕ ಕಮ್ಮಿ ಇದ್ದದ್ದಕ್ಕೇ 15 ಎಂಎಲ್ ಬಾಟಲಿ ಖಾಲಿಯಾಗಿದೆ.

ಇನ್ನೊಂದು, ಸೀಡ್ ಕರೆಕ್ಷನ್ ಎಲ್ಲಿ? ಅದನ್ನು ಕಳೆಯದೆ ಬಿಒಡಿ ಬರೆಯುವ ಹಾಗಿಲ್ಲ.

ಹಳೇ_ಬ್ಯೂರೆಟ್ · ಸೋಮವಾರ ರಾತ್ರಿ 10:48

ತಂಗಿ, ನಿನ್ನ ಟೇಬಲ್ ಚೆನ್ನಾಗಿದೆ. D1 ಅನ್ನು ಪ್ರತಿ ಅಳತೆಗೂ ಬೇರೆ ಬೇರೆ ನೋಡಿದ್ದೀಯ. ಎಷ್ಟೋ ಜನ ಬ್ಲಾಂಕಿನ D1 ಅನ್ನೇ ಎಲ್ಲಾ ಸಾಲಿಗೂ ಬರೆದುಬಿಡುತ್ತಾರೆ.

ಮೊದಲು ಕಡಲ_ಕೆಮಿಸ್ಟ್ ಅವರ ಮಾತಿಗೆ ಬರುತ್ತೇನೆ. ಸಾರ್, ನಿಮ್ಮ 7.9 ನಿಮ್ಮ ಊರಿಗೆ ಸರಿ, ನೀವಿರುವುದು ಸಮುದ್ರದ ಮಟ್ಟದಲ್ಲಿ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ. ಗಾಳಿಯ ಒತ್ತಡ ಅಲ್ಲಿಗಿಂತ ಹತ್ತರಲ್ಲಿ ಒಂದು ಪಾಲು ಕಮ್ಮಿ. ಇಲ್ಲಿ 27 ಡಿಗ್ರಿಯಲ್ಲಿ ನೀರು ಹಿಡಿದಿಟ್ಟುಕೊಳ್ಳುವುದೇ 7.1ರ ಹತ್ತಿರ. ಎಷ್ಟು ಹೊತ್ತು ಗಾಳಿ ಹಾಯಿಸಿದರೂ ಅಷ್ಟೇ. ಹಾಗಾಗಿ ಈ ಹುಡುಗಿಯ ಬ್ಲಾಂಕ್ ಸರಿಯಾಗಿದೆ. ಇಲ್ಲಿ ಯಾರಾದರೂ 27 ಡಿಗ್ರಿಯಲ್ಲಿ 8.4 ಅಂತ ಬರೆದಿದ್ದರೆ ನನಗೆ ಅನುಮಾನ ಬರುತ್ತಿತ್ತು.

ಆದರೆ ನಿಮ್ಮ ಮಾತಿನಲ್ಲಿ ಒಂದು ನಿಜ ಇದೆ. ಶುರುವಿನ ಆಮ್ಲಜನಕ ಕಮ್ಮಿ ಇದ್ದರೆ ಬಾಟಲಿಗೆ ಅಳೆಯುವ ಜಾಗವೂ ಕಮ್ಮಿ. ಇಡೀ ಪ್ರಶ್ನೆಗೆ ಉತ್ತರ ಅಲ್ಲೇ ಇದೆ, ನಾಳೆ ಕೂತು ಬರೆಯುತ್ತೇನೆ.

ಸೀಡ್ ವಿಷಯ: ಇದು ಚರಂಡಿ ನೀರು. ಬ್ಯಾಕ್ಟೀರಿಯಾ ಅದರಲ್ಲೇ ಬೇಕಾದಷ್ಟಿವೆ. ಸೀಡ್ ಹಾಕಿಲ್ಲದ ಮೇಲೆ ಕಳೆಯುವುದಕ್ಕೆ ಏನೂ ಇಲ್ಲ.

ತಂಗಿ, ಅಷ್ಟರಲ್ಲಿ ಒಂದು ನೆನಪು ಮಾಡಿಕೋ. ಮೂರನೇ ದಿನ 15 ಎಂಎಲ್ ಬಾಟಲಿಗೆ ಮ್ಯಾಂಗನಸ್ ಸಲ್ಫೇಟು, ಆಲ್ಕಲಿ ಅಯೋಡೈಡ್ ಅಝೈಡು ಹಾಕಿದಾಗ ಇಳಿದ ಮಡ್ಡಿ ಯಾವ ಬಣ್ಣ ಇತ್ತು?

ಎಂಎಸ್ಸಿ_ಹುಡುಗಿ · ಸೋಮವಾರ ರಾತ್ರಿ 11:02

ಮೇಡಂ, ಹೆಚ್ಚುಕಮ್ಮಿ ಬಿಳಿ. ನೀರು ಜಾಸ್ತಿಯಾದ ಹಾಲಿಗೆ ಒಂದು ಹನಿ ಡಿಕಾಕ್ಷನ್ ಬಿದ್ದ ಹಾಗೆ. 6 ಎಂಎಲ್ ಬಾಟಲಿಯಲ್ಲಿ ಮಾತ್ರ ಚೆನ್ನಾಗಿ ಕಂದು ಬಂದಿತ್ತು. ನಾನು ಕೆಮಿಕಲ್ ಹಳೇದಾಗಿದೆ ಅಂದುಕೊಂಡೆ.

ಇಟಿಪಿ_ನೈಟ್‌ಶಿಫ್ಟ್ · ಮಂಗಳವಾರ ಬೆಳಿಗ್ಗೆ 6:20

ಈಗಷ್ಟೇ ಶಿಫ್ಟ್ ಮುಗಿಸಿ ನೋಡಿದೆ. ಈ ಇಳಿಜಾರು ನನಗೆ ಚೆನ್ನಾಗಿ ಗೊತ್ತು. ನಿಮ್ಮ ನೀರಿನಲ್ಲಿ ವಿಷ ಇದೆ.

ನಾನು ಬಟ್ಟೆಗೆ ಬಣ್ಣ ಹಾಕುವ ಒಂದು ಘಟಕದ ಇಟಿಪಿಯಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿಯ ಒಂದು ಸ್ಯಾಂಪಲ್ಲಿಗೆ 6 ಎಂಎಲ್‌ನಲ್ಲಿ 180, 9 ಎಂಎಲ್‌ನಲ್ಲಿ 130, 15 ಎಂಎಲ್‌ನಲ್ಲಿ 90 ಬಂತು. ಸ್ಯಾಂಪಲ್ ಜಾಸ್ತಿಯಾದಷ್ಟೂ ಬಿಒಡಿ ಇಳಿಯುತ್ತಿತ್ತು. ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಬ್ಲೀಚಿಂಗಿನ ಕ್ಲೋರಿನ್ ಉಳಿದುಕೊಂಡಿತ್ತು. ಸ್ಯಾಂಪಲ್ ಜಾಸ್ತಿ ಹಾಕಿದರೆ ಕ್ಲೋರಿನ್ನೂ ಜಾಸ್ತಿ ಹೋಗಿ ಬ್ಯಾಕ್ಟೀರಿಯಾಗಳನ್ನು ಸಾಯಿಸುತ್ತಿತ್ತು. ತೆಳು ಮಾಡಿದಷ್ಟೂ ಅವು ಬದುಕಿ ಕೆಲಸ ಮಾಡುತ್ತಿದ್ದವು. ಸೋಡಿಯಂ ಸಲ್ಫೈಟ್ ಹಾಕಿ ಕ್ಲೋರಿನ್ ತೆಗೆದು, ಹೊರಗಿನಿಂದ ಸೀಡ್ ಹಾಕಿದ ಮೇಲೆ 6 ಎಂಎಲ್ ಬಾಟಲಿ 200ರ ಆಸುಪಾಸಿಗೆ ಬಂತು.

ನಿಮ್ಮ ರಾಜಕಾಲುವೆಗೆ ಯಾವುದೋ ಫ್ಯಾಕ್ಟರಿ ನೀರು ಸೇರುತ್ತಿರಬೇಕು. ರಿಪೋರ್ಟಿನಲ್ಲಿ ಅದನ್ನೇ ಬರೆಯಿರಿ.

ಎಂಎಸ್ಸಿ_ಹುಡುಗಿ · ಮಂಗಳವಾರ ಬೆಳಿಗ್ಗೆ 7:45

ಅಯ್ಯೋ, ಹಾಗಾದರೆ ಕ್ಲೋರಿನ್ ಟೆಸ್ಟ್ ಮಾಡಬೇಕಾ? ಸ್ಯಾಂಪಲ್ ಎಲ್ಲಾ ಚೆಲ್ಲಿಬಿಟ್ಟಿದ್ದೇವೆ.

ಹಳೇ_ಬ್ಯೂರೆಟ್ · ಮಂಗಳವಾರ ಸಂಜೆ 7:15

ಗಾಬರಿ ಬೇಡ ತಂಗಿ. ನೈಟ್‌ಶಿಫ್ಟ್ ಅವರು ಹೇಳಿದ್ದು ಸುಳ್ಳಲ್ಲ, ಆದರೆ ನಿನ್ನ ಕೇಸ್ ಅದಲ್ಲ. ಎರಡೂ ಇಳಿಜಾರೇ. ವ್ಯತ್ಯಾಸ ತಿಳಿಯಬೇಕಾದರೆ ಸೂತ್ರ ಬದಿಗಿಟ್ಟು ಒಂದೊಂದೇ ಬಾಟಲಿಯನ್ನು ಮಾತಾಡಿಸಬೇಕು.

15 ಎಂಎಲ್ ಬಾಟಲಿಯಿಂದ ಶುರು ಮಾಡೋಣ. ಶುರುವಿನಲ್ಲಿ ಅದರಲ್ಲಿ 6.7 ಆಮ್ಲಜನಕ ಇತ್ತು. ಒಳಗಿನ ಬ್ಯಾಕ್ಟೀರಿಯಾ ಎಷ್ಟೇ ಹಸಿದಿದ್ದರೂ 6.7ಕ್ಕಿಂತ ಜಾಸ್ತಿ ತಿನ್ನುವುದಕ್ಕೆ ಅಲ್ಲಿ ಇಲ್ಲವೇ ಇಲ್ಲ. 6.7 ಭಾಗಿಸು 0.05, ಅಂದರೆ 134. ನೀನು ತಂದ ನೀರಿನ ನಿಜವಾದ ಬಿಒಡಿ 150 ಇರಲಿ, 500 ಇರಲಿ, 2000 ಇರಲಿ, ಆ ಬಾಟಲಿ 134ಕ್ಕಿಂತ ಮೇಲೆ ಹೇಳಲಾರದು. ನಿನಗೆ ಸಿಕ್ಕ 130 ಈ ಗೋಡೆಗೆ ತಾಗಿ ನಿಂತ ಅಂಕಿ. ಅದು ಹೇಳುವುದು ಇಷ್ಟೇ: ಈ ನೀರಿನ ಬಿಒಡಿ ಕಮ್ಮಿ ಅಂದರೂ 130 ಇದೆ.

ನೀನು ನೋಡಿದ ಬಿಳಿ ಮಡ್ಡಿಯೂ ಇದನ್ನೇ ಹೇಳುತ್ತಿದೆ. ಆಮ್ಲಜನಕ ಇದ್ದರೆ ಮ್ಯಾಂಗನೀಸ್ ಅದನ್ನು ಹಿಡಿದುಕೊಂಡು ಕಂದು ಬಣ್ಣಕ್ಕೆ ತಿರುಗುತ್ತದೆ. ಇಲ್ಲದಿದ್ದರೆ ಬಿಳಿಯಾಗಿಯೇ ಉಳಿಯುತ್ತದೆ. 6 ಎಂಎಲ್ ಬಾಟಲಿಯಲ್ಲಿ ಕಂದು ಬಂದ ಮೇಲೆ ಕೆಮಿಕಲ್ ಕೆಟ್ಟಿರಲಿಲ್ಲ ಅಂತಾಯಿತು. ಟೈಟ್ರೇಟ್ ಮಾಡುವ ಮುಂಚೆಯೇ ಬಾಟಲಿ ತನ್ನ ಕಥೆ ಹೇಳಿತ್ತು. ಮುಂದಿನ ಸಲ ಮಡ್ಡಿಯ ಬಣ್ಣವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡು.

ಬಾಟಲಿ ಪೂರ್ತಿ ಖಾಲಿಯಾಗುವ ತನಕವೂ ನಂಬುವ ಹಾಗಿಲ್ಲ. ಕೊನೆಯಲ್ಲಿ ಕನಿಷ್ಠ 1 ಮಿ.ಗ್ರಾಂ/ಲೀ ಉಳಿದಿರಬೇಕು ಎನ್ನುವ ನಿಯಮ ಇರುವುದು ಅದಕ್ಕೇ.

ಈಗ ಇನ್ನೊಂದು ತುದಿಯ 3 ಎಂಎಲ್ ಬಾಟಲಿ. ಇಲ್ಲಿ ಆಮ್ಲಜನಕ ಬೇಕಾದಷ್ಟು ಉಳಿದಿದೆ, ತೊಂದರೆ ಬೇರೆ. ಇಳಿದಿದ್ದು ಬರೀ 1.7. ನೀನು ಟೈಟ್ರೇಟ್ ಮಾಡಿದ್ದು 200 ಎಂಎಲ್, ಥಯೋ 0.025. ಹಾಗಾದರೆ ಬ್ಯೂರೆಟ್ಟಿನ 1 ಎಂಎಲ್ ಅಂದರೆ 1 ಮಿ.ಗ್ರಾಂ/ಲೀ. ಬ್ಯೂರೆಟ್ಟಿನ ಒಂದು ಸಣ್ಣ ಗೀಟು 0.1. ಸ್ಟಾರ್ಚಿನ ನೀಲಿ ಹೋಯಿತೋ ಇಲ್ಲವೋ ಅಂತ ಬಿಳಿ ಟೈಲ್ ಮೇಲೆ ನೋಡುತ್ತಾ ಇನ್ನೆರಡು ಹನಿ ಬಿಟ್ಟರೆ ಆ ಒಂದು ಗೀಟು ಹೋಯಿತು. D1ರಲ್ಲಿ ಒಂದು ಗೀಟು, D2ರಲ್ಲಿ ಒಂದು ಗೀಟು ತಪ್ಪಿದರೆ 1.7 ಅನ್ನುವುದು 1.5 ಆಗಬಹುದು, 1.9 ಆಗಬಹುದು. ಇದನ್ನು 0.01ರಿಂದ ಭಾಗಿಸು. 150ರಿಂದ 190ರವರೆಗೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ನಿನ್ನ 170 ಆ ಹರವಿನ ನಡುವೆ ಬಿದ್ದಿದೆ, ಅಷ್ಟೇ. ಕನಿಷ್ಠ 2 ಮಿ.ಗ್ರಾಂ/ಲೀ ಇಳಿದಿರಬೇಕು ಅನ್ನುವ ಎರಡನೇ ನಿಯಮ ಬಂದಿದ್ದು ಇದಕ್ಕೆ.

ಈ ಎರಡು ನಿಯಮವನ್ನೂ ಸೇರಿಸಿದರೆ ಪ್ರತಿ ಬಾಟಲಿಗೂ ಒಂದು ಕಿಟಕಿ ಸಿಗುತ್ತದೆ. ಕೆಳಗಿನ ಅಂಚು 2 ಭಾಗಿಸು P. ಮೇಲಿನ ಅಂಚು D1ರಲ್ಲಿ 1 ಕಳೆದು ಭಾಗಿಸು P. ನಿನ್ನ ಬಾಟಲಿಗಳಿಗೆ ಹಾಕಿದೆ:

```
3 ಎಂಎಲ್     200 ರಿಂದ 600
6 ಎಂಎಲ್     100 ರಿಂದ 300
9 ಎಂಎಲ್     67 ರಿಂದ 197
15 ಎಂಎಲ್    40 ರಿಂದ 114
```

ನೀರಿನ ಬಿಒಡಿ 150ರ ಸುತ್ತ ಇದ್ದರೆ ಅದು ಕಾಣುವುದು 6 ಮತ್ತು 9 ಎಂಎಲ್ ಕಿಟಕಿಯಲ್ಲಿ ಮಾತ್ರ. ಆ ಎರಡು ಹೇಳುವುದು 155 ಮತ್ತು 150. ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ.

ವಿಷದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನೈಟ್‌ಶಿಫ್ಟ್ ಅವರ 180, 130, 90 ಮೂರೂ ಆಯಾ ಕಿಟಕಿಯ ಒಳಗೇ ಇವೆ. ಒಳಗಿದ್ದೂ ಇಳಿಯುತ್ತಿವೆ. ಅದು ವಿಷದ ಗುರುತು. ನಿನ್ನದರಲ್ಲಿ ಕಿಟಕಿಯ ಒಳಗಿನ ಎರಡು ಒಂದೇ ಕಡೆ ನಿಂತಿವೆ, ಹೊರಗಿನ ಎರಡು ಮಾತ್ರ ಆಚೀಚೆ ಹೋಗಿವೆ.

ಇಟಿಪಿ_ನೈಟ್‌ಶಿಫ್ಟ್ · ಮಂಗಳವಾರ ರಾತ್ರಿ 8:02

ಒಪ್ಪಿದೆ ಮೇಡಂ. ನಾನು ಉಳಿದ ಆಮ್ಲಜನಕವನ್ನು ನೋಡದೆ ಬಿಒಡಿ ಕಾಲಮ್ ಮಾತ್ರ ನೋಡಿದೆ. ನಮ್ಮ 15 ಎಂಎಲ್ ಬಾಟಲಿಯಲ್ಲಿ 4.5 ಇಳಿದು 2ಕ್ಕಿಂತ ಜಾಸ್ತಿ ಉಳಿದಿತ್ತು. ಅಲ್ಲಿ ಆಮ್ಲಜನಕ ಇದ್ದೂ ತಿನ್ನುವವರು ಇರಲಿಲ್ಲ. ಇವರ ಬಾಟಲಿಯಲ್ಲಿ ತಿನ್ನುವವರು ಇದ್ದರು, ಆಮ್ಲಜನಕ ಮುಗಿದುಹೋಯಿತು.

ಹಳೇ_ಬ್ಯೂರೆಟ್ · ಮಂಗಳವಾರ ರಾತ್ರಿ 8:10

ಹೌದು ಸಾರ್, ಅದೇ. ಸಲ್ಫೈಟ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಬೇರೆಯವರೂ ಓದುತ್ತಿರುತ್ತಾರೆ. ಅದನ್ನು ಅಂದಾಜಿಗೆ ಸುರಿಯಬೇಡಿ. ಮೊದಲು ಸ್ವಲ್ಪ ಸ್ಯಾಂಪಲ್ ಬೇರೆ ತೆಗೆದು ಎಷ್ಟು ಬೇಕು ಅಂತ ಟೈಟ್ರೇಟ್ ಮಾಡಿ ನೋಡಿ, ಆಮೇಲೆ ಅಷ್ಟೇ ಹಾಕಿ. ಜಾಸ್ತಿ ಬಿದ್ದ ಸಲ್ಫೈಟ್ ತಾನೇ ಆಮ್ಲಜನಕ ತಿಂದು ಬಿಒಡಿ ಏರಿಸುತ್ತದೆ.

ಲೆಕ್ಕದ_ಪುಟ · ಮಂಗಳವಾರ ರಾತ್ರಿ 8:40

ಆದರೆ ಮೇಡಂ, ನಾಲ್ಕರ ಸರಾಸರಿ 151. ನೀವು ಹೇಳಿದ ಎರಡರ ಸರಾಸರಿ 152.5. ಉತ್ತರ ಒಂದೇ ಬಂದ ಮೇಲೆ ಎರಡು ಬಾಟಲಿ ಯಾಕೆ ಬಿಸಾಡಬೇಕು? ನಿಜವಾಗಿಯೂ ಕೇಳುತ್ತಿದ್ದೇನೆ.

ಹಳೇ_ಬ್ಯೂರೆಟ್ · ಮಂಗಳವಾರ ರಾತ್ರಿ 9:05

ಒಳ್ಳೆ ಪ್ರಶ್ನೆ. 170 ಮೇಲಕ್ಕೆ ಎಳೆಯಿತು, 130 ಕೆಳಕ್ಕೆ ಎಳೆಯಿತು, ಎರಡೂ ಸುಮಾರು ಅಷ್ಟಷ್ಟೇ ಇದ್ದದ್ದರಿಂದ ಸರಿಹೋಯಿತು. ಇದು ಈ ಟೇಬಲ್ಲಿನ ಅದೃಷ್ಟ.

ಇವರ ಹತ್ತಿರ 24 ಎಂಎಲ್ ಹಾಕಿದ ಇನ್ನೊಂದು ಬಾಟಲಿ ಇತ್ತು ಅಂದುಕೊಳ್ಳಿ. ಅದರಲ್ಲಿ D1 ಸುಮಾರು 6.5, D2 ಸೊನ್ನೆ, P 0.08. ಬಿಒಡಿ 81. ಐದನ್ನೂ ಸೇರಿಸಿ ಸರಾಸರಿ ಮಾಡಿದರೆ 137. ಇನ್ನೂ ದೊಡ್ಡ ಅಳತೆಯ ಬಾಟಲಿ ಸೇರಿಸಿದಷ್ಟೂ ಕೆಳಗಿಳಿಯುತ್ತಾ ಹೋಗುತ್ತದೆ. ರಾಜಕಾಲುವೆಯ ನೀರು ಇದ್ದ ಹಾಗೇ ಇದೆ, ನಮ್ಮ ಸರಾಸರಿ ಮಾತ್ರ ಜಾರುತ್ತಿದೆ. ಖಾಲಿಯಾದ ಬಾಟಲಿಗಳು ತಪ್ಪುವುದು ಯಾವಾಗಲೂ ಒಂದೇ ದಿಕ್ಕಿಗೆ. ಹಾಗಿರುವಾಗ ರೀಡಿಂಗ್ ಜಾಸ್ತಿಯಾದರೆ ಸರಾಸರಿ ಗಟ್ಟಿಯಾಗುವುದಿಲ್ಲ.

ಬಾಟಲಿ ಬಿಸಾಡಿ ಅಂತ ನಾನು ಹೇಳಿಲ್ಲ. ಟೇಬಲ್ಲಿನಲ್ಲಿ ನಾಲ್ಕೂ ಇರಲಿ. ಪಕ್ಕದಲ್ಲಿ ಕಾರಣ ಬರೆಯಿರಿ. ಸರಾಸರಿಗೆ ಎರಡನ್ನು ಮಾತ್ರ ಸೇರಿಸಿ.

ಸಿವಿಲ್_ಐದನೇ_ಸೆಮ್ · ಮಂಗಳವಾರ ರಾತ್ರಿ 9:50

ಮಧ್ಯೆ ಬಂದೆ, ಕ್ಷಮಿಸಿ. ನಮ್ಮದೂ ಬಿಒಡಿಯೇ. ಹಾಸ್ಟೆಲ್ ಎಸ್‌ಟಿಪಿಗೆ ಬರುವ ನೀರು. 5 ಎಂಎಲ್ ಹಾಕಿದ್ದೆ, 3.6 ಇಳಿಯಿತು. 200 ಭಾಗಿಸು 5 ಅಂದರೆ 40, ಗುಣಿಸಿದರೆ 144. ಪಕ್ಕದ ಬ್ಯಾಚಿಗೆ ಅದೇ ನೀರಿಗೆ 210 ಬಂದಿದೆ. ಅವರ ಪುಸ್ತಕದಲ್ಲಿ 5 ದಿನ, 20 ಡಿಗ್ರಿ ಅಂತ ಇದೆ, ನಾವು 3 ದಿನ ಇಟ್ಟಿದ್ದು. 3 ದಿನದ್ದನ್ನು 5 ದಿನಕ್ಕೆ ತರುವುದಕ್ಕೆ 5 ಭಾಗಿಸು 3ರಿಂದ ಗುಣಿಸಬೇಕಾ? ಗುಣಿಸಿದರೆ 240 ಆಗುತ್ತದೆ, ಅದೂ ಹೊಂದುತ್ತಿಲ್ಲ.

ಕಡಲ_ಕೆಮಿಸ್ಟ್ · ಮಂಗಳವಾರ ರಾತ್ರಿ 10:12

ತಮ್ಮಾ, ದಿನದ ಲೆಕ್ಕ ಬಿಡು. 200 ಎಲ್ಲಿಂದ ಬಂತು?

ಸಿವಿಲ್_ಐದನೇ_ಸೆಮ್ · ಮಂಗಳವಾರ ರಾತ್ರಿ 10:15

ಟೈಟ್ರೇಶನ್ನಿಗೆ ತೆಗೆದುಕೊಂಡಿದ್ದು 200 ಎಂಎಲ್ ಅಲ್ವಾ ಸಾರ್?

ಕಡಲ_ಕೆಮಿಸ್ಟ್ · ಮಂಗಳವಾರ ರಾತ್ರಿ 10:31

ಸಿಕ್ಕಿತು ನೋಡು. ಆ 200 ಡಿಒ ಲೆಕ್ಕಕ್ಕೆ ಸೇರಿದ್ದು. ಬ್ಯೂರೆಟ್ ರೀಡಿಂಗನ್ನು ಮಿ.ಗ್ರಾಂ/ಲೀ ಮಾಡುವಾಗಲೇ ಅದರ ಕೆಲಸ ಮುಗಿಯಿತು. ನೀನು 5 ಎಂಎಲ್ ಸ್ಯಾಂಪಲ್ ಹಾಕಿದ್ದು 300 ಎಂಎಲ್ ಬಾಟಲಿಗೆ. ತೆಳುವಾಗಿದ್ದು 60 ಪಟ್ಟು, 40 ಪಟ್ಟು ಅಲ್ಲ. 3.6 ಗುಣಿಸು 60, ಅಂದರೆ 216. ಪಕ್ಕದ ಬ್ಯಾಚಿನ 210ಕ್ಕೆ ಬಂದೆ.

ಹಾಗೇ ಬಾಟಲಿಯನ್ನೊಮ್ಮೆ ನೋಡು. ಕೆಲವು ಕಡೆ 125 ಎಂಎಲ್ ಬಾಟಲಿಗಳೂ ಇರುತ್ತವೆ. ಆಗ 300 ಅಂತ ಬರೆದರೂ ತಪ್ಪೇ.

3 ದಿನ, 5 ದಿನದ ಬಗ್ಗೆ: 5 ಭಾಗಿಸು 3 ಹಾಕಬೇಡ. ಆಮ್ಲಜನಕ ದಿನಕ್ಕೆ ಒಂದೇ ಸಮ ಇಳಿಯುವುದಿಲ್ಲ, ಮೊದಲ ದಿನಗಳಲ್ಲಿ ಜಾಸ್ತಿ, ಆಮೇಲೆ ನಿಧಾನ. ನಮ್ಮ ಭಾರತೀಯ ಮಾನದಂಡ ಐಎಸ್ 3025ರ 44ನೇ ಭಾಗ 3 ದಿನ 27 ಡಿಗ್ರಿ ಹೇಳುತ್ತದೆ. ಬಿಸಿ ಜಾಸ್ತಿ ಇರುವುದರಿಂದ ಕೆಲಸ ಬೇಗ ಆಗುತ್ತದೆ. ಬಂದ ಅಂಕಿಯ ಮುಂದೆ "3 ದಿನ, 27 ಡಿಗ್ರಿ" ಅಂತ ಬರೆದು ಬಿಡು.

ಎಂಎಸ್ಸಿ_ಹುಡುಗಿ ಅವರೇ, ನಿಮ್ಮ D1 ಬಗ್ಗೆ ನಾನು ಅವಸರ ಮಾಡಿದೆ. ಬೆಂಗಳೂರಿನ ಎತ್ತರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಸಿವಿಲ್_ಐದನೇ_ಸೆಮ್ · ಮಂಗಳವಾರ ರಾತ್ರಿ 10:40

ಬಾಟಲಿ 300ರದ್ದೇ ಸಾರ್. ಈಗಲೇ ತಿದ್ದುತ್ತೇನೆ. ತುಂಬಾ ಥ್ಯಾಂಕ್ಸ್.

ತುಂಗಾತೀರದ_ಮೇಷ್ಟ್ರು · ಬುಧವಾರ ಬೆಳಿಗ್ಗೆ 8:30

ಚರ್ಚೆ ಪೂರ್ತಿ ಓದಿದೆ. ಬಾಟಲಿ ಆರಿಸುವ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಬ್ಲಾಂಕಿನ 0.1 ಬಗ್ಗೆ ಯಾರೂ ಮಾತಾಡಿಲ್ಲ. ನಾವು ಮಕ್ಕಳಿಗೆ ಹೇಳಿಕೊಡುವ ಕೈಪಿಡಿಯಲ್ಲಿ ಬ್ಲಾಂಕಿನ ಇಳಿಕೆ ಕಳೆಯಿರಿ ಅಂತ ಇದೆ. ಡೈಲ್ಯೂಷನ್ ನೀರೇ 0.1 ತಿಂದಿದ್ದರೆ ಅದನ್ನು ಸ್ಯಾಂಪಲ್ಲಿನ ತಲೆಗೆ ಯಾಕೆ ಕಟ್ಟಬೇಕು? ಕಳೆದರೆ 6 ಎಂಎಲ್‌ಗೆ 150, 9 ಎಂಎಲ್‌ಗೆ 147. ಸರಾಸರಿ 148.

ಎಂಎಸ್ಸಿ_ಹುಡುಗಿ · ಬುಧವಾರ ಬೆಳಿಗ್ಗೆ 8:55

ಸಾರ್, ನಮ್ಮ ಗೈಡ್ ಕೂಡ ಕಳೆಯಬೇಕು ಅಂತಲೇ ಹೇಳಿದ್ದಾರೆ. ನಾನು ಮರೆತಿದ್ದೆ.

ಹಳೇ_ಬ್ಯೂರೆಟ್ · ಬುಧವಾರ ಮಧ್ಯಾಹ್ನ 1:20

ಮೇಷ್ಟ್ರೇ, ನಿಮ್ಮ ತರ್ಕ ನನಗೂ ಅರ್ಥವಾಗುತ್ತದೆ. ಹಾಗೆ ಕಳೆಯುವ ಕೈಪಿಡಿಗಳನ್ನು ನಾನೂ ನೋಡಿದ್ದೇನೆ. ಆದರೆ ಅಮೆರಿಕದ ಸ್ಟ್ಯಾಂಡರ್ಡ್ ಮೆಥಡ್ಸ್ ಬೇಡ ಅನ್ನುತ್ತದೆ. ಅದರಲ್ಲಿ ಬ್ಲಾಂಕ್ ಇರುವುದು ನೀರು ಶುದ್ಧ ಇದೆಯಾ ಅಂತ ನೋಡುವುದಕ್ಕೆ ಮಾತ್ರ. 0.2ಕ್ಕಿಂತ ಜಾಸ್ತಿ ಇಳಿದರೆ ಆ ನೀರು ಸರಿಯಿಲ್ಲ ಅಂತ ತಿಳಿಯಬೇಕು, ಇಳಿಕೆಯನ್ನು ಕಳೆದು ಸರಿಮಾಡಲು ಹೋಗಬಾರದು.

ನನ್ನ ಭಯ ಬೇರೆ ಇದೆ. ಕಳೆಯುವ ಅಭ್ಯಾಸ ಬಿದ್ದರೆ, ಬ್ಲಾಂಕ್ 0.8 ಇಳಿದರೂ ಸುಮ್ನೆ ಕಳೆದು ಮುಂದೆ ಹೋಗುತ್ತಾರೆ. ಯಾಕೆ ಇಳಿಯಿತು ಅಂತ ಯಾರೂ ನೋಡುವುದಿಲ್ಲ.

ತುಂಗಾತೀರದ_ಮೇಷ್ಟ್ರು · ಬುಧವಾರ ಮಧ್ಯಾಹ್ನ 2:05

0.8 ಅಂದಿರಿ, ನನಗೆ ಹೋದ ವರ್ಷದ ಒಂದು ಬ್ಯಾಚ್ ನೆನಪಾಯಿತು. ಆಗ ಬ್ಲಾಂಕ್ 8.6ರಿಂದ 7.7ಕ್ಕೆ ಇಳಿದಿತ್ತು. ಪೂರ್ತಿ 0.9. ಡಿಸ್ಟಿಲ್ಡ್ ವಾಟರ್ ಕೆಟ್ಟಿದೆ ಅಂದುಕೊಂಡು ಹೊಸ ಕ್ಯಾನ್ ತರಿಸಿದೆವು. ಆಗಲೂ ಹಾಗೇ.

ಆಮೇಲೆ ಒಬ್ಬ ಹುಡುಗ ಬಾಟಲಿ ಎತ್ತಿ ತೋರಿಸಿದ. ಮುಚ್ಚಳದ ಕೆಳಗೆ, ಕತ್ತಿನ ಹತ್ತಿರ, ಕಡಲೆಕಾಳಿನಷ್ಟು ದೊಡ್ಡ ಗುಳ್ಳೆ. ತುಂಬುವಾಗ ಅದು ಇರಲಿಲ್ಲ ಅಂತ ಅವನು ಗಟ್ಟಿಯಾಗಿ ಹೇಳಿದ. ಹಿಂದಿನ ರಾತ್ರಿ ಡೈಲ್ಯೂಷನ್ ನೀರನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದರು. ತಣ್ಣಗಿನ ನೀರನ್ನೇ ಬೆಳಿಗ್ಗೆ ತುಂಬಿಬಿಟ್ಟಿದ್ದರು. ತಣ್ಣೀರು ಜಾಸ್ತಿ ಗಾಳಿ ಹಿಡಿದಿತ್ತು. 27 ಡಿಗ್ರಿಗೆ ಬಿಸಿಯಾದಾಗ ಅದು ಗುಳ್ಳೆಯಾಗಿ ಹೊರಗೆ ಬಂತು. ತಿಂದವರು ಯಾರೂ ಇರಲಿಲ್ಲ.

ಹಳೇ_ಬ್ಯೂರೆಟ್ · ಬುಧವಾರ ಮಧ್ಯಾಹ್ನ 2:30

ಮೇಷ್ಟ್ರೇ, ಆ ಬ್ಯಾಚಿನ ಸ್ಯಾಂಪಲ್ ಬಾಟಲಿಗಳಲ್ಲಿ ಆ 0.9 ಕಳೆದಿದ್ದರೆ ಸರಿಹೋಗುತ್ತಿತ್ತಾ? ಯೋಚನೆ ಮಾಡಿ. ಸ್ಯಾಂಪಲ್ ಇರುವ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಆಮ್ಲಜನಕವನ್ನು ತಿಂದು ಕೆಳಗಿಳಿಸುತ್ತಿರುತ್ತವೆ. ಅಲ್ಲಿ ಗುಳ್ಳೆಯಾಗಿ ಹೋಗುವುದು ಬ್ಲಾಂಕಿನಷ್ಟೇ ಇರುವುದಿಲ್ಲ. ಎಷ್ಟು ಹೋಯಿತು, ಎಷ್ಟು ತಿಂದವು ಅಂತ ಬೇರೆ ಮಾಡುವ ದಾರಿಯೂ ಇಲ್ಲ. 6 ಎಂಎಲ್ ಬಾಟಲಿಯಲ್ಲಿ 0.9 ತಪ್ಪಾಗಿ ಕಳೆದರೆ 45 ಮಿ.ಗ್ರಾಂ/ಲೀ ಅಲ್ಲೇ ಹೋಯಿತು. 3 ಎಂಎಲ್ ಬಾಟಲಿಯಲ್ಲಿ 90.

ತುಂಗಾತೀರದ_ಮೇಷ್ಟ್ರು · ಬುಧವಾರ ಮಧ್ಯಾಹ್ನ 3:15

0.9 ಕಳೆಯಬಾರದು, ಅದು ಒಪ್ಪಿದೆ. ನಾವೂ ಆ ಬ್ಯಾಚ್ ಪೂರ್ತಿ ಬಿಟ್ಟು, ನೀರನ್ನು 27 ಡಿಗ್ರಿಗೆ ತಂದು, ಬಾಟಲಿ ಅಲ್ಲಾಡಿಸಿ ಜಾಸ್ತಿ ಗಾಳಿ ಬಿಡಿಸಿ ಮತ್ತೆ ಮಾಡಿದೆವು. ಬ್ಲಾಂಕ್ 0.1ಕ್ಕೆ ಬಂತು.

ಆದರೆ ಆ 0.1 ಬಗ್ಗೆ ನನ್ನ ಮಾತು ಬದಲಾಗಿಲ್ಲ. ಗುಳ್ಳೆ ಇಲ್ಲ, ನೀರು ಶುದ್ಧ, ಆದರೂ 0.1 ಇಳಿದಿದೆ ಅಂದರೆ ಅದು ಡೈಲ್ಯೂಷನ್ ನೀರಿನದು. 6 ಎಂಎಲ್ ಬಾಟಲಿಯಲ್ಲಿ ನೂರಕ್ಕೆ 98 ಪಾಲು ಅದೇ ನೀರು.

ಹಳೇ_ಬ್ಯೂರೆಟ್ · ಬುಧವಾರ ಮಧ್ಯಾಹ್ನ 3:40

ಅಥವಾ ಬ್ಯೂರೆಟ್ಟಿನ ಒಂದು ಗೀಟಿನದು. 0.1 ಅಂದರೆ ಅಷ್ಟೇ ತಾನೇ? ಓದಿದವರ ಕಣ್ಣಿನ ವ್ಯತ್ಯಾಸವನ್ನು ನೀರಿನ ಗುಣ ಅಂತ ಕಳೆಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಇಲ್ಲಿ ನಾವಿಬ್ಬರೂ ಒಪ್ಪುವ ಹಾಗೆ ಕಾಣುವುದಿಲ್ಲ ಮೇಷ್ಟ್ರೇ.

ತಂಗಿ, ನಿನ್ನ ಗೈಡ್ ಕಳೆಯಿರಿ ಅಂದಿದ್ದರೆ ಕಳೆ. ಆದರೆ ಕಳೆದಿದ್ದೇನೆ ಅಂತ ಬರೆದು, ಕಳೆಯದ ಅಂಕಿಯನ್ನೂ ಪಕ್ಕದಲ್ಲಿ ಕೊಡು. 148 ಮತ್ತು 152ರ ನಡುವಿನ ಅಂತರ ಈ ಪರೀಕ್ಷೆಯ ಸಹಜ ಏರುಪೇರಿಗಿಂತ ಚಿಕ್ಕದು. ಗ್ಲೂಕೋಸ್, ಗ್ಲುಟಾಮಿಕ್ ಆಸಿಡ್ ಹಾಕಿ ಮಾಡುವ ಚೆಕ್ ಇದೆಯಲ್ಲ, 5 ದಿನ 20 ಡಿಗ್ರಿಯದು, ಅದರಲ್ಲೇ 198ಕ್ಕೆ 30.5 ಆಚೀಚೆ ಇದ್ದರೂ ಪಾಸು. ಹಾಗಾಗಿ 152.5 ಅಂತ ದಶಾಂಶ ಹಾಕಿ ಬರೆಯಬೇಡ.

ಎಂಎಸ್ಸಿ_ಹುಡುಗಿ · ಬುಧವಾರ ರಾತ್ರಿ 9:25

ಮೇಡಂ, ಮೇಷ್ಟ್ರೇ, ಎಲ್ಲರಿಗೂ ಧನ್ಯವಾದ. ರಿಪೋರ್ಟಿನ ಈ ಭಾಗ ಹೀಗೆ ಬರೆದಿದ್ದೇನೆ, ನೋಡಿ:

"3 ಎಂಎಲ್ ಬಾಟಲಿಯಲ್ಲಿ ಇಳಿಕೆ 2 ಮಿ.ಗ್ರಾಂ/ಲೀಗಿಂತ ಕಡಿಮೆ (1.7). 15 ಎಂಎಲ್ ಬಾಟಲಿಯಲ್ಲಿ ಉಳಿಕೆ 1 ಮಿ.ಗ್ರಾಂ/ಲೀಗಿಂತ ಕಡಿಮೆ (0.2), ಮಡ್ಡಿ ಬಿಳಿಗೆ ಹತ್ತಿರ. ಈ ಎರಡನ್ನು ಸರಾಸರಿಗೆ ಸೇರಿಸಿಲ್ಲ. 6 ಮತ್ತು 9 ಎಂಎಲ್ ಬಾಟಲಿಗಳ ಬಿಒಡಿ 155 ಮತ್ತು 150. ಬ್ಲಾಂಕಿನ ಇಳಿಕೆ 0.1. ಅದನ್ನು ಕಳೆದರೆ 150 ಮತ್ತು 147. ಬಿಒಡಿ, 3 ದಿನ, 27 ಡಿಗ್ರಿ ಸೆಲ್ಸಿಯಸ್: ಸುಮಾರು 150 ಮಿ.ಗ್ರಾಂ/ಲೀ."

ಇನ್ನೊಂದು ಅನುಮಾನ. ಶನಿವಾರ ಅದೇ ಜಾಗದ ನೀರು ಮತ್ತೆ ತರುತ್ತೇವೆ. ಯಾವ ಅಳತೆ ಹಾಕಲಿ?

ಹಳೇ_ಬ್ಯೂರೆಟ್ · ಬುಧವಾರ ರಾತ್ರಿ 9:50

ಚೆನ್ನಾಗಿ ಬರೆದಿದ್ದೀಯ. ಈ ಸಲ 3 ಮತ್ತು 15 ಬಿಡು. 5, 7, 9 ಎಂಎಲ್ ಹಾಕು, 7ಕ್ಕೆ ಎರಡು ಜೋಡಿ ಇರಲಿ. ಮಳೆ ಬಂದಿದ್ದರೆ ಮಾತ್ರ 15 ಕೂಡ ಸೇರಿಸು, ನೀರು ತೆಳುವಾಗಿರುತ್ತದೆ. ಪಿಪೆಟ್ ಮಾಡುವ ಮುಂಚೆ ಕ್ಯಾನ್ ಚೆನ್ನಾಗಿ ಅಲ್ಲಾಡಿಸು. ಚರಂಡಿ ನೀರಿನಲ್ಲಿ ಕಸ ಬೇಗ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ಒಂದು ಬಾಟಲಿಗೆ, ತಳದ ಗಸಿ ಇನ್ನೊಂದಕ್ಕೆ ಹೋದರೆ ಬೇರೆ ಬೇರೆ ನೀರು ಅಳೆದ ಹಾಗೆ. ಪಿಪೆಟ್ಟಿನ ತುದಿ ಸಣ್ಣದಿದ್ದರೆ ಕಸ ಕಟ್ಟಿಕೊಳ್ಳುತ್ತದೆ, ಅಗಲ ಬಾಯಿಯದು ಸಿಗುತ್ತಾ ನೋಡು.

ಎಂಎಸ್ಸಿ_ಹುಡುಗಿ · ಬುಧವಾರ ರಾತ್ರಿ 9:58

ಸರಿ ಮೇಡಂ. ಬಾಟಲಿ ತುಂಬಿ ಮುಚ್ಚಳ ಹಾಕಿದ ಮೇಲೆ ಗುಳ್ಳೆ ಇದೆಯಾ ಅಂತ ಕೂಡ ನೋಡುತ್ತೇನೆ. ಮಂಗಳವಾರ ತೆಗೆದಾಗ ಮಡ್ಡಿಯ ಬಣ್ಣದ ಫೋಟೋ ಹಾಕುತ್ತೇನೆ.